‘ತಲೆಮರೆಸಿಕೊಂಡಿದ್ದು’ ಎಂಬ ಒಂದು ಮಾತು

ಕೇಳುಗರೇ, ನಮಸ್ಕಾರ.

ನಾನು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಬಹಳ ವರ್ಷ ಎಚ್‌.ಆರ್. ವಿಭಾಗದಲ್ಲಿ ಕೆಲಸ ಮಾಡಿದವಳು. ಹಾಜರಿ, ರಜೆ, ನೋಟಿಸ್, ಇವೇ ನನ್ನ ದಿನದ ಕೆಲಸ. ಅಲ್ಲಿ ನಾನೇ ಕಳಿಸಿದ ಒಂದು ಇ-ಮೇಲ್ ಬಗ್ಗೆ ಇವತ್ತು ಹೇಳಬೇಕು.

ಕ್ವಾಲಿಟಿ ವಿಭಾಗದ ಒಬ್ಬ ಹುಡುಗ ಜೂನ್ 3ರಿಂದ 8ರವರೆಗೆ, ಸೋಮವಾರದಿಂದ ಶನಿವಾರದ ತನಕ, ಕೆಲಸಕ್ಕೆ ಬರಲಿಲ್ಲ. ರಜೆ ಅರ್ಜಿ ಇಲ್ಲ. ಎರಡು ಸಲ ಫೋನ್ ಮಾಡಿದೆ, ಸ್ವಿಚ್ ಆಫ್. ಮುಂದಿನ ಸೋಮವಾರ ನಮ್ಮ ಹಳೇ ನಮೂನೆ ತೆಗೆದು, ಹೆಸರು ತುಂಬಿಸಿ ಕಳಿಸಿಬಿಟ್ಟೆ. ಅದರಲ್ಲಿ ಹೀಗಿತ್ತು:

“ಈ ಮೂಲಕ ತಮಗೆ ತಿಳಿಯಪಡಿಸುವುದೇನೆಂದರೆ, ತಾವು ಪೂರ್ವಾನುಮತಿ ಇಲ್ಲದೆ ಕರ್ತವ್ಯದಿಂದ ತಲೆಮರೆಸಿಕೊಂಡಿದ್ದು, ಹಲವು ಬಾರಿ ಸಂಪರ್ಕಿಸಿದರೂ ಯಾವುದೇ ಪ್ರತಿಕ್ರಿಯೆ ಬಂದಿರುವುದಿಲ್ಲ. ನಿಯಮಗಳು ತಮಗೆ ತಿಳಿದೇ ಇವೆ. ಇನ್ನು ಮುಂದಾದರೂ ಜವಾಬ್ದಾರಿಯಿಂದ ವರ್ತಿಸಿ, ಸದರಿ ಪತ್ರ ತಲುಪಿದ ಕೂಡಲೇ ಹಾಜರಾಗತಕ್ಕದ್ದು. ತಪ್ಪಿದಲ್ಲಿ ತಮ್ಮ ವಿರುದ್ಧ ಸೂಕ್ತ ಕ್ರಮ ಜರುಗಿಸಲಾಗುವುದು.”

ಎರಡು ದಿನ ಬಿಟ್ಟು ಆತ ಬಂದ. ಅವನ ತಾಯಿ ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಇದ್ದರಂತೆ. ಕೈಯಲ್ಲಿ ಅವರ ಡಿಸ್ಚಾರ್ಜ್ ಚೀಟಿ ಇತ್ತು. ಜೇಬಿನಿಂದ ನನ್ನ ಮೇಲ್‌ನ ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟು ಕೇಳಿದ, “ಮೇಡಂ, ತಲೆಮರೆಸಿಕೊಂಡಿದ್ದೆ ಅಂತ ಬರೆದಿದ್ದೀರಲ್ಲ, ನಾನೇನು ಕಳ್ಳನಾ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನು ಹೋದ ಮೇಲೆ ಆ ಕಾಗದದ ಮುಂದೆ ಪೆನ್ನು ಹಿಡಿದು ಕೂತೆ.

ಮೊದಲು ಅದೇ ಮಾತು. ಆಫೀಸುಗಳಲ್ಲಿ ‘ಅಬ್‌ಸ್ಕಾಂಡಿಂಗ್’ ಅಂತ ಸಲೀಸಾಗಿ ಹೇಳ್ತಾರೆ. ಕನ್ನಡಕ್ಕೆ ತಂದರೆ ಅದು ಪೊಲೀಸರು ಆರೋಪಿಗಳ ಬಗ್ಗೆ ಆಡುವ ಮಾತು. ನನಗೆ ಗೊತ್ತಿದ್ದದ್ದು ಅವನು ಬಂದಿಲ್ಲ ಅನ್ನೋದು ಮಾತ್ರ. ಯಾಕೆ ಬಂದಿಲ್ಲ ಅಂತ ಗೊತ್ತಿರಲಿಲ್ಲ. ಕೇಳುವ ಮೊದಲೇ ಕಾರಣ ನಾನೇ ಬರೆದುಬಿಟ್ಟಿದ್ದೆ.

ಇದು ಬರೀ ಮನಸ್ಸು ನೋಯಿಸುವ ವಿಷಯ ಅಲ್ಲ. 1993ರಲ್ಲಿ ಸುಪ್ರೀಂ ಕೋರ್ಟ್ ಡಿ.ಕೆ. ಯಾದವ್ ಎಂಬ ಕಂಪನಿ ಕೆಲಸಗಾರನ ಪ್ರಕರಣದಲ್ಲಿ ಒಂದು ತೀರ್ಪು ಕೊಟ್ಟಿತು. ರಜೆಯಿಲ್ಲದೆ ಎಂಟು ದಿನಕ್ಕಿಂತ ಜಾಸ್ತಿ ಗೈರಾದರೆ ಕೆಲಸ ತಾನಾಗಿಯೇ ಹೋಗುತ್ತದೆ ಅಂತ ಆ ಕಂಪನಿಯ ಸ್ಥಾಯೀ ಆದೇಶದಲ್ಲಿ, ಅಂದರೆ ಅದರ ಕೆಲಸದ ನಿಯಮಗಳಲ್ಲಿ, ಇತ್ತು. ಕಂಪನಿ ಹಾಗೇ ಮಾಡಿತು. ಆ ಕೆಲಸಗಾರ ಹೇಳಿದ್ದು, ತಾನು ದಿನಾ ಬರ್ತಿದ್ದೆ, ಗೇಟಿನಲ್ಲಿ ಒಳಗೆ ಬಿಡಲಿಲ್ಲ ಅಂತ. ನಿಯಮ ಏನೇ ಇರಲಿ, ಅವನ ಮಾತು ಕೇಳದೆ, ವಿಚಾರಣೆ ಮಾಡದೆ ತೆಗೆಯುವಂತಿಲ್ಲ ಎಂದು ಕೋರ್ಟ್ ಹೇಳಿತು. ಅವನನ್ನು ವಾಪಸ್ ಕೆಲಸಕ್ಕೆ ತೆಗೆದುಕೊಳ್ಳಬೇಕು, ಅರ್ಧ ಹಿಂಬಾಕಿ ಸಂಬಳ ಕೊಡಬೇಕು ಎಂದೂ ಆದೇಶವಾಯಿತು. ಹಾಗಾಗಿ ಮೊದಲ ಮೇಲ್‌ನಲ್ಲೇ ‘ತಲೆಮರೆಸಿಕೊಂಡಿದ್ದಾರೆ’, ‘ಕೆಲಸ ತೊರೆದಿದ್ದಾರೆ’ ಅಂತ ಬರೆದರೆ ನಾವು ಮೊದಲೇ ತೀರ್ಮಾನ ಮಾಡಿಕೊಂಡಿದ್ದೆವು ಅನ್ನೋದಕ್ಕೆ ಅದೇ ಸಾಕ್ಷಿ ಆಗಬಹುದು. ಕಾನೂನಿನ ಹಾಗೆ ಕೇಳಿಸುವ ಮಾತು ಕಾನೂನಿನಲ್ಲಿ ನಮ್ಮನ್ನು ಕಾಪಾಡುತ್ತದೆ ಅಂತಲ್ಲ.

ಆಮೇಲೆ ‘ಇನ್ನು ಮುಂದಾದರೂ’. ಕುಟುಕುವ ಮಾತು ಕನ್ನಡದಲ್ಲಿ ಇಂಥ ಸಣ್ಣ ಪ್ರತ್ಯಯಗಳಲ್ಲೇ ಅಡಗಿರುತ್ತದೆ. ‘ಮುಂದೆ’ ಅಂದರೆ ಸೂಚನೆ, ‘ಮುಂದಾದರೂ’ ಅಂದರೆ ಹಂಗಿಸಿದ ಹಾಗೆ. ‘ತಿಳಿದಿವೆ’ ಅನ್ನೋದು ‘ತಿಳಿದೇ ಇವೆ’ ಆದರೆ, ಗೊತ್ತಿದ್ದೂ ಬೇಕಂತಲೇ ಮಾಡಿದೆ ಅಂತ ಹೇಳಿದಂತೆ. ಇವನ್ನು ಹುಡುಕೋದು ಕಷ್ಟವಲ್ಲ. ಮೇಲ್‌ನಲ್ಲಿ ‘ಆದರೂ’, ‘ಗೊತ್ತಿದ್ದೂ’, ‘ಕನಿಷ್ಠ ಪಕ್ಷ’ ಎಲ್ಲಿದೆ ನೋಡಿ, ತೆಗೆದು ಓದಿ. ವಿಷಯ ಒಂದಿಷ್ಟೂ ಕಡಿಮೆಯಾಗಿರುವುದಿಲ್ಲ.

‘ಹಲವು ಬಾರಿ’ ಅನ್ನೋದೂ ಹಾಗೇ. ನಾನು ಮಾಡಿದ್ದು ಎರಡು ಫೋನ್. 4ನೇ ತಾರೀಖು ಒಂದು, 6ನೇ ತಾರೀಖು ಒಂದು. ಹಾಗಂತಲೇ ಬರೆದರೆ ದೂರುವ ದನಿ ಹೋಗಿ ದಾಖಲೆ ಉಳಿಯುತ್ತದೆ. ನಾಳೆ ಯಾರಾದರೂ ಪ್ರಶ್ನೆ ಕೇಳಿದರೆ ನಿಲ್ಲುವುದು ತಾರೀಖೇ.

ಕೊನೆಗೆ ‘ಸೂಕ್ತ ಕ್ರಮ ಜರುಗಿಸಲಾಗುವುದು’. ಯಾರು ಜರುಗಿಸುತ್ತಾರೆ? ಯಾವ ಕ್ರಮ? ಯಾವಾಗ? ಈ ‘ಲಾಗುವುದು’ ಇದ್ದಲ್ಲಿ ಮನುಷ್ಯರೇ ಇರುವುದಿಲ್ಲ. ಮನೆಯಲ್ಲಿ ಯಾರೂ ‘ಊಟ ಬಡಿಸಲಾಗುವುದು’ ಅನ್ನೋದಿಲ್ಲ ಅಲ್ವಾ? ಓದುವವನು ಕತ್ತಲಲ್ಲಿ ಏನೇನೋ ಊಹೆ ಮಾಡಿಕೊಳ್ಳುತ್ತಾನೆ. ‘ಕಾರಣ ಕೇಳಿ ನೋಟಿಸ್ ಕೊಡುತ್ತೇವೆ’ ಎಂದರೆ ಅವನಿಗೆ ಮುಂದಿನ ಹೆಜ್ಜೆ ಕಾಣುತ್ತದೆ. ನನ್ನ ಪ್ರಕಾರ ಇದು ಹಳೇ ಮಾತಿಗಿಂತ ಗಟ್ಟಿ.

ಹೀಗೆ ತಿದ್ದುತ್ತಾ ತಿದ್ದುತ್ತಾ ನಾನೇ ಇನ್ನೊಂದು ತಪ್ಪು ಮಾಡಿದ್ದೆ. ಮೊದಲ ಸಲ ತಿದ್ದಿದಾಗ, “ಸಾಧ್ಯವಾದರೆ ಒಮ್ಮೆ ತಿಳಿಸಿ, ಚಿಂತೆ ಮಾಡಬೇಡಿ” ಅಂತ ಬರೆದಿದ್ದೆ. ಅದನ್ನು ಓದಿದವನಿಗೆ ತನ್ನ ಕೆಲಸಕ್ಕೇ ತೊಂದರೆ ಬರಬಹುದು ಅಂತ ಹೇಗೆ ಗೊತ್ತಾಗಬೇಕು? ಬುಧವಾರ ಸುಮ್ನೆ ಇದ್ದು, ಗುರುವಾರ ನೋಟಿಸ್ ಬಂದರೆ ಅವನಿಗೆ ಮೋಸವಾದ ಹಾಗೆ. ‘ಚಿಂತೆ ಬೇಡ’ ಅಂತ ಮಾತು ಕೊಡುವ ಅಧಿಕಾರವೂ ನನಗಿರಲಿಲ್ಲ. ಆ ಸಾಲು ಹೊಡೆದು ಹಾಕಿದೆ.

ಆ ಸೋಮವಾರ ಅವನಿಗೆ ಹೋಗಬೇಕಿದ್ದದ್ದು, ಕೊನೆಗೆ ನಿಂತ ಮೇಲ್ ಇದು:

“ನಮಸ್ಕಾರ. ಜೂನ್ 3ರಿಂದ 8ರವರೆಗೆ ಆರು ದಿನ ನೀವು ಕೆಲಸಕ್ಕೆ ಬಂದಿಲ್ಲ. ರಜೆ ಅರ್ಜಿ ನಮಗೆ ಸಿಕ್ಕಿಲ್ಲ. 4 ಮತ್ತು 6ನೇ ತಾರೀಖು ಫೋನ್ ಮಾಡಿದೆ, ಸ್ವಿಚ್ ಆಫ್ ಆಗಿತ್ತು. ಏನಾದರೂ ತೊಂದರೆಯಾಗಿದೆಯೇ? 12ನೇ ತಾರೀಖು ಬುಧವಾರ ಸಂಜೆ 5 ಗಂಟೆಯೊಳಗೆ ಈ ಮೇಲ್‌ಗೆ ಉತ್ತರ ಕೊಡಿ ಅಥವಾ ನನಗೆ ಫೋನ್ ಮಾಡಿ. ನಿಮಗೆ ಆಗದಿದ್ದರೆ ಮನೆಯವರು ಮಾಡಬಹುದು. ಆಸ್ಪತ್ರೆ ಚೀಟಿಯಂಥದ್ದು ಇದ್ದರೆ ಫೋಟೋ ತೆಗೆದು ಕಳಿಸಿ. ಅಷ್ಟರೊಳಗೆ ಉತ್ತರ ಬಾರದಿದ್ದರೆ, ಅನುಮತಿಯಿಲ್ಲದ ಗೈರುಹಾಜರಿಗೆ ಕಾರಣ ಕೇಳಿ 13ರಂದು ನೋಟಿಸ್ ಕೊಡುತ್ತೇವೆ. ಯಾವ ತೀರ್ಮಾನಕ್ಕೂ ಮೊದಲು ನಿಮ್ಮ ಮಾತು ಕೇಳುತ್ತೇವೆ.”

ಕೆಳಗೆ ನನ್ನ ಹೆಸರು, ನನ್ನ ನಂಬರು. ‘ಆಡಳಿತ ಮಂಡಳಿ’ ಅಂತ ಹಾಕಿದರೆ ಅವನು ಯಾರಿಗೆ ಫೋನ್ ಮಾಡಬೇಕು?

ಇನ್ನೆರಡು ಸಂಗತಿ. ವಿಷಯದ ಸಾಲು ಮೊಬೈಲ್ ಪರದೆಯ ಮೇಲೆ ತಾನಾಗಿಯೇ ಮೂಡುತ್ತದೆ. ಆಸ್ಪತ್ರೆಯಲ್ಲಿ ಪಕ್ಕದಲ್ಲಿ ಕೂತವರಿಗೂ ಕಾಣುತ್ತದೆ. ಅಲ್ಲಿ ‘ಅಂತಿಮ ಎಚ್ಚರಿಕೆ’ ಅಂತಿದ್ದದ್ದನ್ನು ‘ಹಾಜರಿ ಬಗ್ಗೆ, 12ರ ಸಂಜೆ 5ರೊಳಗೆ ಉತ್ತರ ಬೇಕು’ ಅಂತ ಮಾಡಿದೆ. ಹಾಗೇ, ಹಳೇ ಮೇಲ್‌ನ ಪ್ರತಿ ಅವನ ಸೂಪರ್‌ವೈಸರ್, ಅವರ ಮೇಲಿನವರು, ಪ್ಲಾಂಟ್ ಹೆಡ್, ಇಷ್ಟು ಜನಕ್ಕೆ ಹೋಗಿತ್ತು. ಒಂದು ಸಾಲನ್ನೂ ಮುಟ್ಟದೆ ಒಬ್ಬರನ್ನು ನಾಲ್ಕು ಜನರ ಮುಂದೆ ನಿಲ್ಲಿಸುವುದು ಅಂದರೆ ಇದೇ. ಈಗ ಪ್ರತಿ ಸೂಪರ್‌ವೈಸರ್‌ಗೆ ಮಾತ್ರ. ಪಾಳಿ ಹೊಂದಿಸಬೇಕಾದವರು ಅವರೇ.

ಅಲ್ಲಿಂದ ಮುಂದೆ ಯಾರಿಗೇ ಇಂಥ ಮೇಲ್ ಕಳಿಸುವ ಮುಂಚೆ ಬಾಗಿಲು ಹಾಕಿಕೊಂಡು ಒಂದು ಸಲ ಜೋರಾಗಿ ಓದುತ್ತಿದ್ದೆ. ಓದುವವರು ಎದುರಿಗೆ ಕೂತಿದ್ದರೆ ಇದೇ ಮಾತು ನನ್ನ ಬಾಯಲ್ಲಿ ಬರುತ್ತಿತ್ತಾ ಅಂತ ನೋಡಲು. ನಾಲಿಗೆ ತಡವರಿಸಿದ ಕಡೆ ಮತ್ತೆ ಪೆನ್ನು.

ಉತ್ತರ ಬಾರದೇ ಇದ್ದದ್ದೂ ಉಂಟು. ಆಗ ಹೇಳಿದ ತಾರೀಖಿನ ಬೆಳಿಗ್ಗೆಯೇ ನೋಟಿಸ್ ಹೊರಡುತ್ತಿತ್ತು, ಮೇಲ್‌ನಲ್ಲಿ ಒಂದು, ಮನೆ ವಿಳಾಸಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ಒಂದು. ಅದರಲ್ಲೂ ಮೇಲ್‌ನಲ್ಲಿದ್ದ ಅದೇ ತಾರೀಖುಗಳು, ಅದೇ ಫೋನ್ ನಂಬರು.

ನಮಸ್ಕಾರ.