ಅಳಿಸಿಹೋದ ಗರಿಯನ್ನು ಓರೆ ಬೆಳಕಿನಲ್ಲಿ ಓದುವುದು

ಎಲ್ಲರಿಗೂ ನಮಸ್ಕಾರ.

ತಾಳೆಗರಿಯ ಮೇಲೆ ಕಂಠ ಎಂಬ ಚೂಪು ಮೊನೆಯ ಲೇಖನಿಯಿಂದ ಕೊರೆದು ಬರೆಯುತ್ತಿದ್ದರು. ಆಮೇಲೆ ಮಸಿ ಸವರಿ ಒರೆಸಿದರೆ ಗೀರಿನೊಳಗೆ ಮಾತ್ರ ಕಪ್ಪು ಉಳಿಯುತ್ತಿತ್ತು. ವರ್ಷಗಳು ಕಳೆದಂತೆ ಮಸಿ ಉದುರುತ್ತದೆ, ಗರಿಯೂ ಕಂದಾಗುತ್ತದೆ. ಆದರೆ ಗೀರು ಅಲ್ಲೇ ಇರುತ್ತದೆ, ಅಲ್ವಾ? ಅದರ ನೆರಳನ್ನು ನಾವು ಹಿಡಿಯಬೇಕು.

ಕ್ಯಾಮೆರಾವನ್ನು ಗರಿಯ ನೇರ ಮೇಲೆ ಅಲ್ಲಾಡದಂತೆ ನಿಲ್ಲಿಸಿ. ಕೋಣೆಯನ್ನು ಕತ್ತಲು ಮಾಡಿ. ಬಿಸಿಯಾಗದ ಎಲ್‌ಇಡಿ ದೀಪವನ್ನು ಪಕ್ಕದಲ್ಲಿ, ಸುಮಾರು 15 ಡಿಗ್ರಿ ಎತ್ತರದಲ್ಲಿ ಇಡಿ. ತೀರಾ ಹತ್ತಿರ ಬೇಡ, ಒಂದು ಬದಿ ಬೆಳ್ಳಗಾಗಿ ಇನ್ನೊಂದು ಬದಿ ಕಪ್ಪಾಗುತ್ತದೆ.

ದೀಪ ಯಾವ ಕಡೆ ಇಡಬೇಕು ಅನ್ನುವುದೇ ಇಲ್ಲಿ ದೊಡ್ಡ ವಿಷಯ. ಗರಿಯ ನಾರು ಉದ್ದಕ್ಕೆ ಓಡುತ್ತದೆ. ಉದ್ದದ ಅಂಚಿನಿಂದ ಬೆಳಕು ಬಿಟ್ಟರೆ ಪ್ರತಿ ನಾರೂ ನೆರಳು ಚೆಲ್ಲಿ ಅಕ್ಷರದ ಮೇಲೆ ಗೆರೆ ಎಳೆಯುತ್ತದೆ. ಗಿಡ್ಡ ತುದಿಯಿಂದ ಬಿಟ್ಟರೆ ನಾರು ಸುಮ್ಮನಾಗುತ್ತದೆ, ಆದರೆ ಅಕ್ಷರದ ಅಡ್ಡಗೆರೆಗಳೂ ಮಾಯವಾಗುತ್ತವೆ. ಹಾಗಾಗಿ ಗರಿಯನ್ನು ಕದಲಿಸದೆ, ದೀಪ ಮಾತ್ರ ಸರಿಸಿ, ನಾಲ್ಕೂ ಕಡೆಯಿಂದ ಒಂದೊಂದು ಚಿತ್ರ ತೆಗೆಯಿರಿ. ನಾನು ಮೊದಲು ಓದುವುದು ಗಿಡ್ಡ ತುದಿಯ ಚಿತ್ರವನ್ನು.

ಈಗ ಕಾಂಟ್ರಾಸ್ಟ್ ಹಿಗ್ಗಿಸುವುದು. ಚಿತ್ರದ ಪ್ರತಿ ಚುಕ್ಕೆಯ ಬೆಳಕಿಗೂ ಒಂದು ಸಂಖ್ಯೆ ಇರುತ್ತದೆ: ಕಪ್ಪು 0, ಬಿಳಿ 255. ನಾನು ತೆಗೆದ ಒಂದು ಗರಿಯ ಹಿಸ್ಟೋಗ್ರಾಂ, ಅಂದರೆ ಯಾವ ಸಂಖ್ಯೆಯ ಚುಕ್ಕೆಗಳು ಎಷ್ಟಿವೆ ಎಂದು ತೋರಿಸುವ ನಕ್ಷೆ, ಪೂರ್ತಿ 110ರಿಂದ 155ರೊಳಗೆ ಮುದುಡಿಕೊಂಡಿತ್ತು. ಗೀರಿನ ನೆರಳು 118, ಗರಿಯ ಮೈ 140. ಕಣ್ಣಿಗೆ ಎರಡೂ ಒಂದೇ ಬೂದು. 110 ಅನ್ನು 0ಗೆ, 155 ಅನ್ನು 255ಗೆ ಎಳೆದೆ. ನೆರಳು 45ಕ್ಕೆ ಇಳಿಯಿತು, ಮೈ 170ಕ್ಕೆ ಏರಿತು. 22 ಇದ್ದ ಅಂತರ 125 ಆಯಿತು, ಸಾಲು ಎದ್ದು ನಿಂತಿತು. ಜೆಪೆಗ್‌ನಲ್ಲಿ ಇಷ್ಟು ಎಳೆದರೆ ಚೌಕ ಚೌಕ ಕಲೆಗಳು ಏಳುತ್ತವೆ. ಅದಕ್ಕೇ ಕ್ಯಾಮೆರಾ ಕಂಡದ್ದನ್ನು ಜೆಪೆಗ್‌ನಂತೆ ಕುಗ್ಗಿಸದೆ ಉಳಿಸುವ ರಾ ಫೈಲ್‌ನಲ್ಲೇ ತೆಗೆಯಿರಿ.

ಹಿಗ್ಗಿಸಿದಾಗ ಅಕ್ಷರದ ಜೊತೆ ಸುಳ್ಳು ಗೆರೆಗಳೂ ಜಾಸ್ತಿಯಾಗುತ್ತವೆ. ಅದೇ ಗರಿಯಲ್ಲಿ, ಮೇಲಿನ ಅಂಚಿನಿಂದ ಬೆಳಕು ಬಿಟ್ಟ ಚಿತ್ರದಲ್ಲಿ, ಒಂದು ಅಕ್ಷರ ‘ಷ’ ಎಂದು ಕಂಡಿತು. ದೊಡ್ಡದು ಮಾಡಿ ನೋಡಿದೆ. ಹೊಟ್ಟೆಯೊಳಗಿನ ಗೆರೆಗೆ ದೀಪದ ಕಡೆ ಬೆಳಕು, ಆಚೆ ಕಡೆ ನೆರಳು. ಉಬ್ಬಿದ್ದರೆ ಮಾತ್ರ ಹೀಗಾಗುತ್ತದೆ. ಕೊರೆದ ಗೀರು ತಗ್ಗು, ಅದರಲ್ಲಿ ದೀಪದ ಕಡೆಯ ಗೋಡೆ ಕಪ್ಪಾಗಿ ಆಚೆಯ ಗೋಡೆ ಹೊಳೆಯಬೇಕು. ಅಂದರೆ ಅದು ನಾರು, ಅಕ್ಷರ ‘ಪ’. ದೀಪವನ್ನು ಕೆಳಗಿನ ಅಂಚಿಗೆ ತಂದಾಗ ನೆರಳು ಪಕ್ಕ ಬದಲಿಸಿ ಅದನ್ನೇ ಹೇಳಿತು. ಬರೀ ಕಲೆಯಾಗಿದ್ದರೆ ನೆರಳು ಕದಲುತ್ತಲೇ ಇರಲಿಲ್ಲ.

ಬಿರುಕು ಮಾತ್ರ ಕಷ್ಟ, ಅದೂ ತಗ್ಗೇ. ಅದು ನಾರಿನ ಜಾಡು ಹಿಡಿದು ಅಕ್ಷರ ದಾಟಿ ಹೋಗುತ್ತದೆಯೇ ನೋಡಿ. ಇನ್ನು ಕೊರೆಯದೆ ಬರೀ ಶಾಯಿಯಲ್ಲಿ ಬರೆದ ಗರಿಗಳಿಗೆ ಈ ದಾರಿ ಆಗದು. ಅಲ್ಲಿ ಗೀರೇ ಇಲ್ಲ.

ಬನ್ನಿ, ಕೋಣೆಯ ದೀಪ ಆರಿಸೋಣ. ಈ ಮೇಜಿನ ಮೇಲಿರುವ ಗರಿಗೆ ಮೊದಲು ಎಡ ತುದಿಯಿಂದ ಬೆಳಕು ಬಿಡುತ್ತೇನೆ.