ಫೈನಲ್‌ಗೆ ಮುಂಚಿನ ಮೂರು ನಿಮಿಷ

ಕೇಳುಗರೆಲ್ಲರಿಗೂ ನಮಸ್ಕಾರ.

ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಿ ಆಡಿದ ಒಂದು ಟೆನಿಸ್ ಬಾಲ್ ಕ್ರಿಕೆಟ್ ಫೈನಲ್ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಹೊನಲು ಬೆಳಕು, 10 ಓವರ್ ಪಂದ್ಯ. ನಾನು ಕ್ಯಾಪ್ಟನ್. ಟಾಸ್ ಸೋತಿದ್ದೆವು, ಮೊದಲು ಬ್ಯಾಟಿಂಗ್ ನಮ್ಮದು.

ಶಾಮಿಯಾನದ ಹಿಂದೆ ಎಲ್ಲರನ್ನೂ ಕರೆದೆ. ಸದಾ ಗಲಾಟೆ ಮಾಡುವ ಹುಡುಗರು ಸುಮ್ನೆ ಕೂತಿದ್ದರು. ಓಪನರ್ ಬ್ಯಾಟನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದ ಅಂದರೆ, ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು. ಇಂಥ ಹೊತ್ತಲ್ಲಿ ಉದ್ದ ಭಾಷಣ ಯಾರ ಕಿವಿಗೂ ಇಳಿಯುವುದಿಲ್ಲ. ನಾನು ಹೇಳಿದ್ದು ಇಷ್ಟೇ.

"ನೋಡ್ರಪ್ಪಾ, ಎದೆ ಢವಢವ ಅಂತಿದೆ ಅಲ್ವಾ? ನನಗೂ ಹಾಗೇ ಆಗ್ತಿದೆ. ಆಗಲಿ ಬಿಡಿ. ಕಪ್ ವಿಷಯ ಯಾರೂ ಎತ್ತಬೇಡಿ. ಒಬ್ಬೊಬ್ಬರಿಗೆ ಒಂದೊಂದೇ ಕೆಲಸ ಹೇಳ್ತೀನಿ, ಅದನ್ನು ಮಾಡಿ.

ಓಪನರ್, ಕೆಳಗಿನ ಕೈ ಸಡಿಲ ಬಿಡು. ಆ ಕೈ ಬಿಗಿಯಾದರೆ ಬ್ಯಾಟ್ ಅಡ್ಡ ಬರುತ್ತೆ, ಚೆಂಡು ಮೇಲೇಳುತ್ತೆ. ಮೊದಲ 6 ಬಾಲ್ ನೇರ ಬ್ಯಾಟ್. ಸಿಂಗಲ್ ಸಾಕು.

ನಾವು ಬೌಲಿಂಗ್ ಮಾಡುವಾಗ ಇಬ್ಬನಿ ಬೀಳುತ್ತೆ. ಚೆಂಡಿನ ಜುಂಗು ನೀರು ಕುಡಿದು ಭಾರ ಆಗುತ್ತೆ, ಸ್ಪಿನ್ನರ್ ಬೆರಳಿಗೆ ಹಿಡಿತ ಸಿಗಲ್ಲ. ಅದಕ್ಕೇ ಸ್ಪಿನ್ನರ್ ತನ್ನ 2 ಓವರ್‌ಗಳನ್ನು ಮೊದಲ 5 ಓವರ್ ಒಳಗೇ ಮುಗಿಸ್ತಾನೆ.

ತಮ್ಮಾ, ಕೊನೇ ಓವರ್ ನಿನ್ನದು."

ಹುಡುಗ ತಲೆ ತಗ್ಗಿಸಿದ. ಸೆಮಿಫೈನಲ್‌ನಲ್ಲಿ ಅವನೇ ಸಾಲಾಗಿ ವೈಡ್ ಹಾಕಿದ್ದ. ಕೈಯಲ್ಲಿ ಏನೂ ತಪ್ಪಿರಲಿಲ್ಲ. ಗಾಬರಿಯಾದಾಗ ಅವನ ಓಟ ಜೋರಾಗುತ್ತಿತ್ತು, ಕ್ರೀಸ್ ಹತ್ತಿರ ಮೈ ಎಡಕ್ಕೆ ವಾಲುತ್ತಿತ್ತು, ಚೆಂಡು ಲೆಗ್ ಕಡೆ ಹೋಗುತ್ತಿತ್ತು. ಹಾಗಾಗಿ ಅವನಿಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಿದೆ.

"ಈಗಲೇ ಹೇಳ್ತಿದ್ದೀನಿ, ಆಮೇಲೆ ಯಾರಿಗೆ ಕೊಡ್ತಾರೋ ಅನ್ನೋ ಯೋಚನೆ ಬೇಡ. ಪ್ರತಿ ಬಾಲ್‌ಗೂ ಮುಂಚೆ ಮಿಡ್ ಆಫ್‌ನಲ್ಲಿರೋ ಅಣ್ಣ ಚೆಂಡು ಒರೆಸಿ, ನಡೆದು ಬಂದು ನಿನ್ನ ಕೈಗೆ ಕೊಡ್ತಾನೆ. ದೂರದಿಂದ ಎಸೆಯಲ್ಲ. 'ಯಾವ ಬಾಲ್?' ಅಂತ ಕೇಳ್ತಾನೆ. ನೀನು ಬಾಯಿಬಿಟ್ಟು ಹೇಳಬೇಕು. ಹೇಳಿದ ಮೇಲೇ ಓಡು. ಹೊಡೆದರೆ ಹೊಡೀಲಿ, ಆ ಬಾಲ್ ಹಾಕು ಅಂದಿದ್ದು ನಾನು. ಏಳ್ರಿ, ಹೊರಡೋಣ."

ಕೊನೇ ಓವರ್‌ನಲ್ಲಿ ಅವರಿಗೆ 11 ರನ್ ಬೇಕಿತ್ತು. ಮೊದಲ ಬಾಲೇ ವೈಡ್. ಜನ ಕೂಗಿದರು. ಅಣ್ಣ ಅವಸರ ಮಾಡಲಿಲ್ಲ. ಟವೆಲ್‌ನಲ್ಲಿ ಚೆಂಡು ಒರೆಸುತ್ತಾ ನಿಧಾನ ನಡೆದು ಬಂದ, ಕೇಳಿದ. ಹುಡುಗ ಏನೋ ಗೊಣಗಿದ. ಅಣ್ಣ ಚೆಂಡು ಕೊಡಲಿಲ್ಲ, ಮತ್ತೆ ಕೇಳಿದ. ಆಗ ಜೋರಾಗಿ ಹೇಳಿದ, "ಯಾರ್ಕರ್, ಅಣ್ಣಾ."

ಮೂರನೇ ಬಾಲ್ ಹೊತ್ತಿಗೆ ಅಣ್ಣ ಕೇಳುವ ಮೊದಲೇ ಹೇಳತೊಡಗಿದ್ದ. ಆ ಓವರ್‌ನಲ್ಲಿ ಅವನು ಕೊಟ್ಟಿದ್ದು, ವೈಡ್ ಸೇರಿ, 7 ರನ್.