ಗುಪ್ಪೆಯಾಗಿ ಬಂದ ಹಾಡನ್ನು ಬಿಡಿಸುವುದು

ಗೆಳೆಯರೇ, ಮೊಬೈಲಿನಲ್ಲಿ ಬರುವ ಹಾಡಿನ ಸಾಹಿತ್ಯಕ್ಕೆ ಸಾಲೂ ಇರುವುದಿಲ್ಲ, ವಿರಾಮವೂ ಇರುವುದಿಲ್ಲ. ಇಂದಿನ ಉಪನ್ಯಾಸಕ್ಕೆಂದೇ ನಾನು ಬರೆದುಕೊಂಡು ಬಂದ ಈ ಪುಟ್ಟ ಹಾಡನ್ನು ಹಾಗೆಯೇ ಗುಪ್ಪೆ ಮಾಡಿದ್ದೇನೆ:

ಮಳೆ ಬಂತು ಮಳೆ ಬಂತು ಮಲ್ಲೇಶ್ವರಕೆ ಮಳೆ ಬಂತು ಮಳೆ ಬಂತು ಮಲ್ಲೇಶ್ವರಕೆ ಕೊಡೆಯಿರದೆ ನಾ ಬಂದೆ ನಿನ್ನ ತೀರಕೆ ಸಂಪಿಗೆಯ ರಸ್ತೆಯಲಿ ದೀಪ ಮಿನುಗಿದೆ ಹೂಬುಟ್ಟಿ ನೆನೆದಿಹುದು ಕಂಪು ಹರಡಿದೆ ಮಳೆ ಬಂತು ಮಳೆ ಬಂತು ಮಲ್ಲೇಶ್ವರಕೆ ಕಟ್ಟೆಯಲಿ ಕುಳಿತವರು ಎದ್ದು ನಡೆದರು ಬಾಗಿಲನು ತೆರೆದವರು ಒಳಗೆ ಕರೆದರು ಹನಿಹನಿ ಸಾಕು ದನಿಯೇ ಬೇಕು ಮಳೆ ಬಂತು ಮಳೆ ಬಂತು ಮಲ್ಲೇಶ್ವರಕೆ ಕೊಡೆಯಿರದೆ ನಾ ಬಂದೆ ನಿನ್ನ ತೀರಕೆ

ಮೊದಲು ಅಂತ್ಯಪ್ರಾಸ ಹುಡುಕಿ. ‘ಶ್ವರಕೆ–ತೀರಕೆ’, ‘ಮಿನುಗಿದೆ–ಹರಡಿದೆ’, ‘ನಡೆದರು–ಕರೆದರು’: ಪ್ರಾಸ ಬಿದ್ದಲ್ಲಿ ಸಾಲು ಮುರಿಯುತ್ತದೆ. ಅನುಮಾನವಿದ್ದರೆ ಮಾತ್ರೆ ಎಣಿಸಿ. ಇಲ್ಲಿ ‘ಹನಿಹನಿ ಸಾಕು ದನಿಯೇ ಬೇಕು’ ಒಂದನ್ನು ಬಿಟ್ಟರೆ ಪ್ರತಿ ಸಾಲೂ ಐದು, ಐದು, ಏಳು.

ಈ ಎಣಿಕೆ ಇಲ್ಲದಿದ್ದರೆ ಅವಸರದವರು ಒಂದು ಕಡೆ ಎಡವುತ್ತಾರೆ. ‘ಮಳೆ ಬಂತು’ ಎರಡು ಸಲ ಕಂಡ ಕೂಡಲೇ ಒಂದನ್ನು ಅಳಿಸಿ ಪಕ್ಕದಲ್ಲಿ (2) ಹಾಕಿಬಿಡುತ್ತಾರೆ. ಆದರೆ ಅದು ಸಾಲಿನೊಳಗಿನ ಮಾತು. ಆ ಎರಡು ‘ಮಳೆ ಬಂತು’ಗಳೇ ಮೊದಲ ಎರಡು ಐದುಗಳು. ನಿಜವಾಗಿ ಮರಳಿ ಬಂದಿರುವುದು ಇಡೀ ಸಾಲು. ಸಾಲು ಪೂರ್ತಿಯಾದ ಮೇಲೆ ಮತ್ತೆ ಮೊದಲಿಂದ ಬಂದರಷ್ಟೇ ಅದು ಪುನರಾವೃತ್ತಿ.

ಮತ್ತೆ ಮತ್ತೆ ತಿರುಗಿ ಬರುವ ಭಾಗ ಪಲ್ಲವಿ. ಒಂದೇ ಅಳತೆಯಲ್ಲಿ ಬೇರೆ ಬೇರೆ ಮಾತು ತರುವ ಭಾಗಗಳು ಚರಣಗಳು. ಉಳಿದದ್ದು ‘ಹನಿಹನಿ ಸಾಕು, ದನಿಯೇ ಬೇಕು’: ಒಮ್ಮೆ ಮಾತ್ರ ಬರುತ್ತದೆ, ನಾಲ್ಕು-ಮೂರರ ನಡೆಗೆ ಹೊರಳುತ್ತದೆ, ಕೊನೆಯ ಪಲ್ಲವಿಗೆ ದಾರಿ ಮಾಡುತ್ತದೆ. ಬ್ಯಾಂಡ್‌ನವರು ಬ್ರಿಡ್ಜ್ ಎನ್ನುವುದು ಇದನ್ನೇ. ಇದನ್ನು ಮೂರನೇ ಚರಣವೆಂದು ಬರೆದರೆ ಹಾಡುವವರು ಚರಣದ ಧಾಟಿಯನ್ನೇ ಹಚ್ಚಲು ಹೋಗಿ ಮಾತ್ರೆ ಸಾಲದೆ ನಿಂತುಬಿಡುತ್ತಾರೆ.

॥ಪಲ್ಲವಿ॥
ಮಳೆ ಬಂತು ಮಳೆ ಬಂತು ಮಲ್ಲೇಶ್ವರಕೆ (2)
ಕೊಡೆಯಿರದೆ ನಾ ಬಂದೆ ನಿನ್ನ ತೀರಕೆ

॥ಚರಣ 1॥
ಸಂಪಿಗೆಯ ರಸ್ತೆಯಲಿ ದೀಪ ಮಿನುಗಿದೆ
ಹೂಬುಟ್ಟಿ ನೆನೆದಿಹುದು ಕಂಪು ಹರಡಿದೆ
ಮಳೆ ಬಂತು… (ಪಲ್ಲವಿಯ ಮೊದಲ ಸಾಲು, ಒಮ್ಮೆ)

॥ಚರಣ 2॥
ಕಟ್ಟೆಯಲಿ ಕುಳಿತವರು ಎದ್ದು ನಡೆದರು
ಬಾಗಿಲನು ತೆರೆದವರು ಒಳಗೆ ಕರೆದರು

॥ಬ್ರಿಡ್ಜ್॥
ಹನಿಹನಿ ಸಾಕು
ದನಿಯೇ ಬೇಕು

॥ಪಲ್ಲವಿ, ಎರಡೂ ಸಾಲು ಒಮ್ಮೊಮ್ಮೆ॥

ಚರಣ 1ರ ಕೆಳಗೆ ಬರಿಯ ॥ಪ॥ ಎಂದು ಬರೆಯಲಿಲ್ಲ, ಗಮನಿಸಿ. ಹಾಗೆ ಬರೆದರೆ ಪಲ್ಲವಿ ಇಡಿಯಾಗಿ, (2) ಸಮೇತ ಬರಬೇಕು. ಇಲ್ಲಿ ಬರುವುದು ಒಂದೇ ಸಾಲು. (2) ಕೂಡ ಹಾಗೆಯೇ: ಸಾಲಿನ ತುದಿಯಲ್ಲಿದ್ದರೆ ಆ ಸಾಲಿಗೆ ಮಾತ್ರ. ಎರಡು ಸಾಲೂ ಜೊತೆಯಾಗಿ ಮರಳುವುದಾದರೆ ಎರಡನ್ನೂ ಒಂದು ಆವರಣದಲ್ಲಿಟ್ಟು ಹೊರಗೆ (2) ಹಾಕಿ.

ಪರೀಕ್ಷೆ ಸುಲಭ. ನಿಮ್ಮ ಗುರುತುಗಳನ್ನೆಲ್ಲ ಮತ್ತೆ ಬಿಡಿಸಿ ಬರೆದರೆ ಮೊದಲಿನ ಗುಪ್ಪೆಯೇ ಅಕ್ಷರಶಃ ಸಿಗಬೇಕು. ಆದರೆ ಬೆರಳಚ್ಚು ಮಾಡಿದವರೇ ಸೋಮಾರಿತನಕ್ಕೆ ಪುನರಾವೃತ್ತಿಗಳನ್ನು ಬಿಟ್ಟಿದ್ದರೆ ಈ ಪರೀಕ್ಷೆ ಅದನ್ನು ಹಿಡಿಯದು. ಆಗ ಧ್ವನಿಮುದ್ರಣವನ್ನೇ ಕೇಳಬೇಕು.